ಡೇಟಿಂಗ್ ಆ್ಯಪ್‌ನಲ್ಲಿ ಕೆಲವರ ಪ್ರೊಫೈಲ್ ಯಾಕೆ ಕಾಣುತ್ತಿಲ್ಲ: ಪತ್ತೆ ಮಾಡಿದ ಬಗೆ

ನಮ್ಮ ಆ್ಯಪ್‌ನಲ್ಲಿ 40 ದಾಟಿದ ಹೆಂಗಸರ ಪ್ರೊಫೈಲ್‌ಗಳಿಗೆ ವೀಕ್ಷಣೆ ತೀರಾ ಕಡಿಮೆ ಬರುತ್ತಿತ್ತು. ಶಿಫಾರಸು ವ್ಯವಸ್ಥೆಯೇ ಹಿಂದಕ್ಕೆ ತಳ್ಳುತ್ತಿದೆಯೋ, ನೋಡುವವರು ಇಟ್ಟ ವಯಸ್ಸಿನ ಫಿಲ್ಟರ್‌ನಿಂದ ಹೀಗಾಗಿದೆಯೋ ಗೊತ್ತಾಗುತ್ತಿರಲಿಲ್ಲ.

ಗುಂಪುಗಳ ಸರಾಸರಿ ವೀಕ್ಷಣೆ ಹೋಲಿಸಿದ್ದು ಕೆಲಸಕ್ಕೆ ಬರಲಿಲ್ಲ. ಜನಪ್ರಿಯವಾದ ಕೆಲವೇ ಪ್ರೊಫೈಲ್‌ಗಳು ಸರಾಸರಿಯನ್ನು ಮೇಲಕ್ಕೆ ಎಳೆಯುತ್ತವೆ. ಲೈಕ್ ಪ್ರಮಾಣವೂ ಸುಳಿವು ಕೊಡಲಿಲ್ಲ. ಅದರಲ್ಲಿ ಸಿಗುವುದು ಪರದೆಗೆ ಬಂದವರ ಲೆಕ್ಕ ಮಾತ್ರ ಅಲ್ವಾ? ಮಾಡೆಲ್‌ನಿಂದ ವಯಸ್ಸನ್ನು ತೆಗೆದರೂ ವ್ಯತ್ಯಾಸ ಉಳಿಯಿತು. ಹಳೆಯ ಲೈಕ್‌ಗಳ ಮೂಲಕ ವಯಸ್ಸು ಮತ್ತೆ ಒಳಗೆ ಬರುತ್ತದೆ.

ದಾರಿ ಸಿಕ್ಕಿದ್ದು ಯಾವುದರಿಂದ ಭಾಗಿಸಬೇಕು ಎಂಬುದನ್ನು ಬದಲಿಸಿದಾಗ. ಆ ವಾರ ಆ್ಯಪ್ ತೆರೆದವರಲ್ಲಿ, ವಯಸ್ಸು, ದೂರ, ಲಿಂಗದ ಫಿಲ್ಟರ್ ಎರಡೂ ಕಡೆಯಿಂದ ಹೊಂದುವವರನ್ನು ಪ್ರತಿ ಪ್ರೊಫೈಲ್‌ಗೂ ಎಣಿಸಿದೆ. ಇವರು ಅರ್ಹ ವೀಕ್ಷಕರು. ಆಮೇಲೆ ಇವರಲ್ಲಿ ಎಷ್ಟು ಜನರ ಪರದೆಯ ಮೇಲೆ ಕಾರ್ಡ್ ನಿಜವಾಗಿ ಮೂಡಿತು ಎಂದು ನೋಡಿದೆ. ಸರ್ವರ್ ಕಳಿಸಿದ ಪಟ್ಟಿಯನ್ನು ಸುಮ್ನೆ ಎಣಿಸಬೇಡಿ, ಜನ ಅಷ್ಟು ಕೆಳಗೆ ಹೋಗುವುದಿಲ್ಲ.

```
rate = unique_viewers / eligible_viewers
```

ಉದಾಹರಣೆಗೆ, 28ರ ಒಬ್ಬರಿಗೆ 1000 ಅರ್ಹರಲ್ಲಿ 100 ಜನ, 45ರ ಒಬ್ಬರಿಗೆ 200ರಲ್ಲಿ 10 ಜನ ನೋಡಿದರು ಎನ್ನಿ. ಬರೀ ವೀಕ್ಷಣೆಯಲ್ಲಿ ಹತ್ತು ಪಟ್ಟು ಅಂತರ. ದರದಲ್ಲಿ 10% ಮತ್ತು 5%, ಅಂದರೆ ಎರಡು ಪಟ್ಟು. ಫಿಲ್ಟರ್‌ನ ಪಾಲು ಇಲ್ಲಿ ಬೇರೆಯಾಗುತ್ತದೆ.

ಗುಂಪುಗಳನ್ನು ಹೋಲಿಸಲು ಈ ದರದ ಮೀಡಿಯನ್ ಬಳಸಿದೆ. ಕಡಿಮೆ ಮೀಡಿಯನ್ ಅನ್ನು ಹೆಚ್ಚಿನದರಿಂದ ಭಾಗಿಸಿದಾಗ ಬರುವ ಅನುಪಾತ 0.8ಕ್ಕಿಂತ ಕಡಿಮೆಯಿದ್ದರೆ ಮುಂದಿನ ಪರೀಕ್ಷೆ. ಈ ಗಡಿ ಅಮೆರಿಕದ ನೇಮಕಾತಿ ಕುರಿತ 1978ರ ಮಾರ್ಗಸೂಚಿಯದು. ಪ್ರತಿ ವೀಕ್ಷಕ ನೋಡಿದಷ್ಟೇ ಕಾರ್ಡ್‌ಗಳನ್ನು ಅವರ ಅರ್ಹ ಪಟ್ಟಿಯಿಂದ ಲಾಟರಿಯಂತೆ ಎತ್ತಿ ಮತ್ತೆ ಲೆಕ್ಕ ಹಾಕಿದೆ. ಅನುಪಾತ 1ರ ಹತ್ತಿರ ಬಂತು. ಹಾಗಾಗಿ ತಪ್ಪು ಇದ್ದದ್ದು ರ‍್ಯಾಂಕಿಂಗ್‌ನಲ್ಲೇ. ಲಾಟರಿಯಲ್ಲೂ ಅಂತರ ಉಳಿದರೆ, ಆ ಗುಂಪನ್ನು ನೋಡಬಲ್ಲವರೇ ತಮ್ಮ ಅರ್ಹ ಪಟ್ಟಿಯಲ್ಲಿ ಕಡಿಮೆ ಪಾಲು ಕಾರ್ಡ್ ನೋಡುತ್ತಿದ್ದಾರೆ ಎಂದರ್ಥ.