ಸೂಲಂಗಿ ಹೊತ್ತಿನಲ್ಲಿ ತ್ರೀ ಫೇಸ್ ಕಾದ ರಾತ್ರಿ

ಗೋವಿನಜೋಳ ಸೂಲಂಗಿ, ಅಂದರೆ ಹೂವು, ಬಿಟ್ಟಾಗ ನೀರು ತಪ್ಪಿದರೆ ತೆನೆಯಲ್ಲಿ ಕಾಳು ಕಟ್ಟೋದಿಲ್ಲ. ಆಮೇಲೆ ಎಷ್ಟು ನೀರು ಹಾಯಿಸಿದರೂ ಅಷ್ಟೇ. ನಮ್ಮದು ರಾಣೆಬೆನ್ನೂರು ಕಡೆಯ ಕರಿಮಣ್ಣು, ಹಿಂಗಾರಿನ ಬೆಳೆ. ನೆಲ ಆಗಲೇ ಬಿರುಕು ಬಿಟ್ಟಿತ್ತು. ಆ ವಾರ ನಮ್ಮ ಲೈನಿಗೆ ಪಂಪು ಓಡಿಸೋ ತ್ರೀ ಫೇಸ್ ಕರೆಂಟಿನ ಪಾಳಿ ರಾತ್ರಿ 11ಕ್ಕೆ. ಊಟ ಮುಗಿಸಿ ಬ್ಯಾಟರಿ, ಸಲಿಕೆ, ಕಂಬಳಿ ಹಿಡಿದು ಹೊರಟೆ.

ಸ್ಟಾರ್ಟರಿಗೆ ಆಟೋ ಇದೆಯಲ್ಲ, ಹಾಕಿ ಮಲಗಬಾರದಾ ಅಂತ ಕೇಳಬಹುದು. ಮೋಟರ್ ತಾನೇ ಶುರುವಾಗುತ್ತೆ, ನಿಜ. ಆದರೆ ನೀರು ತಾನೇ ಸಾಲು ಬದಲಿಸಲ್ಲ ಅಲ್ವಾ? ಇಲಿ ಬಿಲ ಒಂದಿದ್ದರೆ ಸಾಕು, ಬೆಳಗಾಗುವಷ್ಟರಲ್ಲಿ ನೀರೆಲ್ಲ ಪಕ್ಕದವರ ಹೊಲದಲ್ಲಿ.

ಇನ್ನೊಂದು ಕಾರಣವೂ ಇದೆ. ನಮ್ಮ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 25 ಕೆವಿಎದು. 5 ಎಚ್‌ಪಿ ಮೋಟರ್ ಐದು ಇದ್ದರೆ ಸರಿ, ಇರೋದು ಏಳು. ಮೋಟರ್ ಶುರುವಾಗುವಾಗ ಓಡುವಾಗಿನ ಐದಾರು ಪಟ್ಟು ಆಂಪ್ಸ್ ಎಳೆಯುತ್ತೆ. ಎಲ್ಲರದೂ ಆಟೋದಲ್ಲಿದ್ದು ಒಂದೇ ಸಲ ಎದ್ದರೆ ವೋಲ್ಟೇಜ್ ದಬಕ್ಕನೆ ಬೀಳುತ್ತೆ. ಆಗ ಮೋಟರ್ ತಿರುಗಲಾರದೆ ಗುಂಯ್ ಅನ್ನುತ್ತೆ. ಮೋಟರ್ ನಿಲ್ಲಿಸೋ ರಿಲೇ ಬಿದ್ದರೆ ಪುಣ್ಯ, ಬೀಳದಿದ್ದರೆ ವೈಂಡಿಂಗ್ ಸುಡುತ್ತೆ. ಅದಕ್ಕೇ ನಾನು ಹೋದ ಕೂಡಲೇ ಆಟೋ ತೆಗೆದಿಡ್ತೀನಿ.

11 ದಾಟಿತು, 12 ಆಯಿತು. ಊರಲ್ಲಿ ಮನೆ ದೀಪ ಉರಿಯುತ್ತಿದ್ದವು, ನನ್ನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಫೇಸ್ ತೋರಿಸೋ ಮೂರರಲ್ಲಿ ಎರಡೇ ದೀಪ. ಅಂದರೆ ಇನ್ನೂ ಸಿಂಗಲ್ ಫೇಸ್. ಇಂಥ ಹೊತ್ತಲ್ಲಿ ಕೆಪಾಸಿಟರ್ ಹಾಕಿ ಮೋಟರ್ ಎಬ್ಬಿಸೋರು ಇದ್ದಾರೆ. ಎರಡು ತಂತಿ ಮೇಲೇ ಭಾರ ಬಿದ್ದು ಮೋಟರ್ ಬಿಸಿಯಾಗುತ್ತೆ, ಊರಿನ ದೀಪವೂ ಮಂಕಾಗುತ್ತೆ. ನಾನು ಅದರ ತಂಟೆಗೆ ಹೋಗಲ್ಲ. ಬೋರ್‌ನಿಂದ ಮೋಟರ್ ಎತ್ತಿ, ವೈಂಡಿಂಗ್ ಕಟ್ಟಿಸಿ, ಮತ್ತೆ ಇಳಿಸೋ ಹೊತ್ತಿಗೆ ಸೂಲಂಗಿಯೇ ಒಣಗಿರುತ್ತೆ.

1 ಗಂಟೆ ಆದ ಮೇಲೆ ಮೂರನೇ ದೀಪ ಹತ್ತಿತು. ಸುತ್ತಲಿನ ಹೊಲಗಳಲ್ಲಿ ಸ್ಟಾರ್ಟರ್‌ಗಳು ಒಂದರ ಹಿಂದೆ ಒಂದು ಟಕ್ ಟಕ್ ಅಂದವು. ವೋಲ್ಟ್ ಮೀಟರ್ ಮುಳ್ಳು 410ರಿಂದ 330ಕ್ಕೆ ಇಳಿಯಿತು. ಗುಂಡಿ ಒತ್ತಲಿಲ್ಲ, ಪಕ್ಕದ ಹೊಲದ ಕಾಕಾಗೆ ಫೋನ್ ಮಾಡಿದೆ.

“ಕಾಕಾ, ವೋಲ್ಟೇಜ್ ಬಿದ್ದೈತಿ. ನಿಮ್ಮ ಮೋಟರ್ ಎದ್ದೈತೇನು?”

“ಎದ್ದಿಲ್ಲೋ ತಮ್ಮಾ, ಬರೇ ಗುಂಯ್ ಅಂತೈತಿ.”

“ಹಂಗಾರ ಈಗ ಬಂದ್ ಮಾಡ್ರಿ. ಉಳಿದವರದು ಹಿಡಕೊಂಡ ಮ್ಯಾಲೆ ನೀವು ಹಾಕ್ರಿ, ಆಮ್ಯಾಲೆ ನಾನು.”

ಕಾಕಾ ಬಂದ್ ಮಾಡಿದರು. ಎದ್ದ ಮೋಟರ್‌ಗಳು ವೇಗ ಹಿಡಿದ ಮೇಲೆ ಮುಳ್ಳು 385ಕ್ಕೆ ಬಂತು. ಅವರದು ಶುರುವಾಗಿ ಐದು ನಿಮಿಷ ಬಿಟ್ಟು ನಾನು ಹಸಿರು ಗುಂಡಿ ಒತ್ತಿದೆ. ಆಂಪ್ಸ್ ಮುಳ್ಳು ಒಮ್ಮೆ ಪೂರ್ತಿ ಬಲಕ್ಕೆ ಹಾರಿ 11ರ ಹತ್ತಿರ ನಿಂತಿತು. ಅದು ಅಲ್ಲಿ ನಿಂತರೆ ಎಲ್ಲ ಸರಿ. ಓಡುತ್ತಾ ಓಡುತ್ತಾ 7ಕ್ಕೋ 6ಕ್ಕೋ ಇಳಿದರೆ ಬೋರ್‌ನಲ್ಲಿ ನೀರು ಕೆಳಗೆ ಹೋಗಿದೆ ಅಂತ ಲೆಕ್ಕ, ಆಗ ನಿಲ್ಲಿಸಬೇಕು.

ಕತ್ತಲಲ್ಲಿ ನೀರು ಸಾಲಿನ ತುದಿ ಮುಟ್ಟಿದ್ದು ಹೇಗೆ ಗೊತ್ತಾಗಬೇಕು? ಜೋಳ ಆಳೆತ್ತರ, ಒಳಗೆ ಹೋದರೆ ಎಲೆ ಮೈ ಕೊಯ್ಯುತ್ತೆ. ನಾನು ತುದಿಗೆ ಹತ್ತು ಹೆಜ್ಜೆ ಇರುವಾಗ ಸಾಲಿನಲ್ಲಿ ಖಾಲಿ ನೀರಿನ ಬಾಟಲಿ ಮಲಗಿಸ್ತೀನಿ. ಕೆಳಗಿನ ಬದುವಿನ ಮೇಲೆ ನಿಂತು ಬ್ಯಾಟರಿ ಬಿಟ್ಟರೆ ಬಿಳಿ ಹೊಳೆಯುತ್ತೆ. ಬಾಟಲಿ ತೇಲಿ ಅಲ್ಲಾಡಿತು ಅಂದರೆ ಮೇಲೆ ಹೋಗಿ ಸಾಲು ಕಟ್ಟಬಹುದು, ಉಳಿದ ಹತ್ತು ಹೆಜ್ಜೆಗೆ ಸಾಲಿನಲ್ಲಿರೋ ನೀರೇ ಸಾಕು. ನಾಲ್ಕು ಸಾಲಿಗೆ ಒಟ್ಟಿಗೆ ಬಿಟ್ಟಿದ್ದೆ. ಜಾಸ್ತಿ ಬಿಟ್ಟರೆ ಬಿರುಕುಗಳೇ ಕುಡಿದು ಬಿಡುತ್ತವೆ, ನೀರು ಮುಂದಕ್ಕೇ ಹೋಗಲ್ಲ.

3 ಗಂಟೆ ಸುಮಾರಿಗೆ ಕರೆಂಟ್ ಹೋಗಿ ಎರಡೇ ನಿಮಿಷದಲ್ಲಿ ವಾಪಸ್ ಬಂತು. ಆತುರ ಬಿದ್ದು ಒತ್ತೋದು ಇಲ್ಲೇ. ನಮ್ಮ ಪಂಪಿನ ವಾಲ್ವ್ ಹಳೇದು. ಪೈಪಿನ ನೀರು ಕೆಳಗೆ ಇಳಿಯುವಾಗ ಪಂಪು ಉಲ್ಟಾ ತಿರುಗುತ್ತಿರುತ್ತೆ. ಆಗ ಒತ್ತಿದರೆ ಶಾಫ್ಟ್ ಮುರಿಯಬಹುದು. ಪೈಪಿಗೆ ಕಿವಿ ಕೊಟ್ಟು ಸರಸರ ಸದ್ದು ನಿಲ್ಲುವ ತನಕ ಕಾದೆ. ಐದು ನಿಮಿಷದ ನೀರು ಹೋಯಿತು, ಹೋಗಲಿ.

4 ದಾಟಿದ ಮೇಲೆ ಮೂರನೇ ದೀಪ ಆರಿತು. ಸುಮಾರು ಅರ್ಧ ಎಕರೆ ನೆನೆದಿತ್ತು. ಕರೆಂಟ್ ತಡವಾಗಿ ಕೊಟ್ಟರೆ ಆ ಹೊತ್ತನ್ನು ಕೊನೆಯಲ್ಲಿ ಸೇರಿಸಿ ಕೊಡೋದಿಲ್ಲ, ಇದು ನನ್ನ ದೊಡ್ಡ ತಕರಾರು. ನೀರು ನಿಂತ ಸಾಲಿನ ತಲೆಗೆ ಸಲಿಕೆ ನೆಟ್ಟು ಗುರುತು ಮಾಡಿದೆ, ನಾಳೆ ಅಲ್ಲಿಂದ ಹಿಡಿಯಬೇಕು. ಹೊರಡುವ ಮುಂಚೆ ಕಾಕಾ ಜೊತೆ ಮಾತಾಡಿಕೊಂಡೆ: ಅವರ ಆಟೋಗೆ 3 ನಿಮಿಷ, ನನ್ನದಕ್ಕೆ 8 ನಿಮಿಷ ಟೈಮರ್ ಇಡೋದು ಅಂತ. ಉಳಿದ ಐವರನ್ನೂ ಒಪ್ಪಿಸೋದು ಅವರ ಪಾಲಿಗೆ ಬಂತು, ಊರಲ್ಲಿ ಅವರ ಮಾತಿಗೆ ಬೆಲೆ ಜಾಸ್ತಿ.