ಖಾಲಿ ಜಮೀನು ನೋಡಿಕೊಳ್ಳುವವರಿಗೆ ಏನೇನು ಹೇಳಿರಬೇಕು?

ನಾವಿರುವುದು ಬೆಂಗಳೂರಲ್ಲಿ, ಒಂದು ಎಕರೆ ಜಮೀನು ಇರುವುದು ಶಿರಾ ಕಡೆ. ಊರಲ್ಲೇ ಇರುವ ಅಣ್ಣ ಒಬ್ಬರಿಗೆ 'ಸ್ವಲ್ಪ ನೋಡ್ಕೊಳ್ಳಿ' ಅಂದಿದ್ದೆವು. ಪಾಪ, ತಿಂಗಳು ತಿಂಗಳು ಫೋಟೊ ಕಳಿಸುತ್ತಿದ್ದರು. ಕೆಳಗೆ ಹುಲ್ಲು, ಮೇಲೆ ಆಕಾಶ. ಎರಡು ವರ್ಷ ಬಿಟ್ಟು ಅಳೆಸಿದರೆ ಪಡುವಣ ಬದು ಮೂರು ಅಡಿ ಒಳಗೆ ಬಂದಿತ್ತು! ಆ ಬದು ಸುಮಾರು 209 ಅಡಿ ಉದ್ದ, ಅಂದರೆ ಅರ್ಧ ಗುಂಟೆಗಿಂತ ಜಾಸ್ತಿ ಹೋಯಿತು. ತಪ್ಪು ಅವರದ್ದಲ್ಲ, ಏನು ನೋಡಬೇಕು ಅಂತ ನಾವೇ ಹೇಳಿರಲಿಲ್ಲ.

ಮೊದಲು ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯವರು ಅಕ್ಕಪಕ್ಕದವರ ಎದುರಲ್ಲೇ ಗಡಿ ತೋರಿಸಿದ ಮೇಲೆ ಬೇಲಿ ಹಾಕಿಸಿ. ಚೌಕಾಕಾರದ ಎಕರೆಗೆ ಸುತ್ತಳತೆ ಸುಮಾರು 835 ಅಡಿ, ಹತ್ತು ಅಡಿಗೊಂದರಂತೆ 84 ಕಲ್ಲುಕಂಬ ಬೇಕು. ಏಳು ಅಡಿ ಕಂಬವಾದರೆ ಎರಡು ಅಡಿ ನೆಲದೊಳಗಿರಲಿ. ಮೂಲೆ ಕಂಬಕ್ಕೆ ಎರಡೂ ಕಡೆ ಓರೆಯಾಗಿ ಆಸರೆ ಕೊಡಿಸಿ, ಇಲ್ಲದಿದ್ದರೆ ಮುಳ್ಳುತಂತಿ ಬಿಗಿಯುವಾಗಲೇ ಕಂಬ ವಾಲುತ್ತದೆ. ಬಾಂದು ಕಲ್ಲನ್ನು ಮಾತ್ರ ಯಾರೂ ಕೀಳಬಾರದು, ಸುಣ್ಣ ಬಳಿದು ಕಾಣುವಂತೆ ಇಡಲಿ.

ಆಮೇಲೆ ಗೇಟಿನಿಂದ ಶುರುಮಾಡಿ ಕಂಬಗಳಿಗೆಲ್ಲ ಕೆಂಪು ಬಣ್ಣದಲ್ಲಿ ನಂಬರ್ ಬರೆಸಿ. ಫೋಟೊ ಕೆಲಸಕ್ಕೆ ಬರುವುದು ಇದರಿಂದಲೇ. ಮೂಲೆ ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಮುಂದಿನ ಮೂಲೆಯವರೆಗೂ ಸಾಲಾಗಿ ಕಾಣುವಂತೆ ತೆಗೆಯಲಿ. ನಾಲ್ಕು ಮೂಲೆಗೆ ನಾಲ್ಕು ಫೋಟೊ, ಜೊತೆಗೆ ಬಾಂದು ಕಲ್ಲುಗಳದ್ದು ಮತ್ತು ಗೇಟಿನ ಬೀಗದ್ದು. ಪ್ರತಿ ಸಲವೂ ಅದೇ ಜಾಗ, ಅದೇ ದಿಕ್ಕು. ಹಳೆಯ ಫೋಟೊ ಪಕ್ಕದಲ್ಲಿಟ್ಟು ನೋಡಿದರೆ ಸಾಲು ತಪ್ಪಿದ ಕಂಬ ತಕ್ಷಣ ಗೊತ್ತಾಗುತ್ತದೆ. ತಾರೀಖು, ಜಾಗ ಫೋಟೊ ಮೇಲೇ ಮೂಡುವ ಕ್ಯಾಮೆರಾ ಆ್ಯಪ್ ಹಾಕಿಕೊಡಿ, ಯಾಕೆಂದರೆ ವಾಟ್ಸಾಪಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದೊಳಗೆ ಆ ವಿವರ ಉಳಿಯುವುದಿಲ್ಲ.

ಹದಿನೈದು ದಿನಕ್ಕೊಮ್ಮೆ ಹೋದರೆ ಸಾಕು. ಆದರೆ ಮುಂಗಾರು ಬಿದ್ದು ಅಕ್ಕಪಕ್ಕ ಉಳುಮೆ ಶುರುವಾದಾಗ ವಾರಕ್ಕೊಮ್ಮೆ ಹೋಗಲೇಬೇಕು, ಬದು ಸವೆಯುವುದು ಆಗಲೇ, ಒಂದೊಂದೇ ನೇಗಿಲ ಸಾಲಿನಷ್ಟು. ಬೇಸಿಗೆ ಹತ್ತಿರವಾದಂತೆ ಬೇಲಿ ಪಕ್ಕ ಹತ್ತು ಅಡಿ ಅಗಲ ಹುಲ್ಲು ಕೆರೆಸಲಿ, ಪಕ್ಕದ ಹೊಲದ ಬೆಂಕಿ ಒಳಗೆ ದಾಟುವುದು ಕಡಿಮೆಯಾಗುತ್ತದೆ. ಒಳಗೆ ಟ್ರ್ಯಾಕ್ಟರ್ ಚಕ್ರದ ಗುರುತು ಕಂಡರೆ ಮಣ್ಣು ಹೊತ್ತಿದ್ದಾರೋ, ಕಸ ಸುರಿದಿದ್ದಾರೋ ನೋಡಿ ಅವತ್ತೇ ಫೋನ್ ಮಾಡಲಿ. ಜಗಳಕ್ಕೆ ಮಾತ್ರ ಅವರು ಹೋಗುವುದು ಬೇಡ.

'ಸುಮ್ನೆ ಬಿದ್ದಿದೆ ಅಲ್ವಾ, ಈ ಸಲ ರಾಗಿ ಹಾಕ್ಕೊಳ್ತೀವಿ' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮನ್ನು ಕೇಳದೆ ಒಪ್ಪಬಾರದು ಅಂತ ಬರೆದೇ ಕೊಡಿ. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರು ಇರುತ್ತದೆ, ಅದನ್ನು ವರ್ಷಕ್ಕೊಮ್ಮೆ ನೀವೇ ನೋಡಿ. ನೋಡಿಕೊಳ್ಳುವವರಿಗೆ ಕೊಡುವ ದುಡ್ಡನ್ನೂ ಕೈಯಲ್ಲಿ ಕೊಡದೆ ಬ್ಯಾಂಕಿಗೆ ಹಾಕಿ, 'ಕಾವಲು ಕೂಲಿ' ಅಂತ ನಮೂದಿಸಿ. ಅವರು ನಮ್ಮ ಪರವಾಗಿ ಅಲ್ಲಿದ್ದಾರೆ ಅನ್ನುವುದಕ್ಕೆ ಅದೂ ಒಂದು ದಾಖಲೆ.