ಒಂದು ವರ್ಷದ ಬಿಡುವು ಕೇಳುವ ಪತ್ರ: ವಾಪಸ್ ಬರುವ ಪ್ಯಾರಾ ಬರೆದದ್ದು ಹೀಗೆ

ಪುಸ್ತಕ ಬರೆಯಲು ಒಂದು ವರ್ಷ ಬಿಡುವು ಕೇಳಿ ನಾನು ಮ್ಯಾನೇಜರ್‌ಗೆ ಕೊಟ್ಟ ಪ್ರಸ್ತಾವ ಒಂದೂವರೆ ಪುಟದ್ದು. ಅದರಲ್ಲಿ ಪುಸ್ತಕದ ಬಗ್ಗೆ ಇದ್ದದ್ದು ನಾಲ್ಕೇ ಸಾಲು. ಉಳಿದದ್ದೆಲ್ಲ ಎರಡು ಪ್ರಶ್ನೆಗೆ ಉತ್ತರ: ನಾನಿಲ್ಲದಾಗ ಕೆಲಸ ಯಾರು ನೋಡಿಕೊಳ್ಳುತ್ತಾರೆ, ನಾನು ಬಂದಾಗ ಎಲ್ಲಿ ಕೂರುತ್ತೇನೆ. ಮ್ಯಾನೇಜರ್ ತಮ್ಮ ಮೇಲಿನವರಿಗೆ ವಿವರಿಸಬೇಕಾದದ್ದೂ ಇವೆರಡನ್ನೇ.

ಬಾಯಿ ತೆರೆಯುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಕೇಳುವುದು ಸಂಬಳವಿಲ್ಲದ ದೀರ್ಘ ರಜೆಯನ್ನೋ, ಅಥವಾ ರಾಜೀನಾಮೆ ಕೊಟ್ಟು ಮತ್ತೆ ಸೇರುವ ಭರವಸೆಯನ್ನೋ? ಮೊದಲನೆಯದರಲ್ಲಿ ನೀವು ನೌಕರರಾಗಿಯೇ ಉಳಿಯುತ್ತೀರಿ. ಎರಡನೆಯದರಲ್ಲಿ ಸಾಮಾನ್ಯವಾಗಿ ಸೇವಾವಧಿ ಕಡಿದುಹೋಗುತ್ತದೆ, ವಾಪಸ್ ಬರುವಾಗ ಖಾಲಿ ಹುದ್ದೆ ಇದ್ದರೆ ಮಾತ್ರ ಆ ಭರವಸೆಗೆ ಬೆಲೆ. ನಾನು ಕೇಳಿದ್ದು ಮೊದಲನೆಯದು. ರಜೆಯ ವರ್ಷ ಸೇವೆಗೆ ಸೇರುತ್ತದೆಯೇ, ಆರೋಗ್ಯ ವಿಮೆ ಮುಂದುವರಿಯುತ್ತದೆಯೇ ಎಂಬುದು ಒಂದೊಂದು ಕಡೆ ಒಂದೊಂದು ಥರ. ಎಚ್‌ಆರ್‌ನಿಂದ ಲಿಖಿತ ಉತ್ತರ ಪಡೆದ ಮೇಲೆಯೇ ದಿನಾಂಕದ ಮಾತು.

ಜುಲೈ 1ಕ್ಕೆ ಹೊರಡುವುದಾದರೆ ಜನವರಿಯಲ್ಲೇ ಮ್ಯಾನೇಜರ್ ಜೊತೆ ಕೂತು ಮಾತಾಡಿ, ಅದೇ ವಾರ ಪತ್ರ ಕೊಡುವುದು ಒಳ್ಳೆಯದು. ಇಷ್ಟು ಮುಂಚೆ ಏಕೆಂದರೆ, ರಜೆಯಲ್ಲಿ ನಿಮಗೆ ಕೊಡದೆ ಉಳಿಯುವ ಸಂಬಳದಲ್ಲೇ ಒಬ್ಬ ತಾತ್ಕಾಲಿಕ ನೌಕರರನ್ನು ತೆಗೆದುಕೊಳ್ಳಬಹುದು. ಆದರೆ ಬಜೆಟ್ ನಿರ್ಧಾರವಾದ ಮೇಲೆ ಕೇಳಿದರೆ ಆ ಹಣ ಬೇರೆ ತಂಡಕ್ಕೆ ಹೋಗಿ, ಕೆಲಸ ಸಹೋದ್ಯೋಗಿಗಳ ತಲೆಗೆ ಬೀಳುತ್ತದೆ. ಹಾಗಾದಾಗ ರಜೆ ಸಿಕ್ಕರೂ ತಂಡದವರ ಅಸಮಾಧಾನ ನಿಮ್ಮ ಹೆಸರಿಗೇ. ಹೀಗಾಗಿ ‘ಈ ಮೊತ್ತವನ್ನು ಬದಲಿ ನೌಕರರಿಗೆ ಮೀಸಲಿಡಬೇಕು’ ಎಂಬ ಸಾಲು ಪತ್ರದಲ್ಲೇ ಇರಲಿ. ಕೆಲಸ ವಹಿಸಿಕೊಡಲು ಏಪ್ರಿಲ್‌ನಿಂದ ಜೂನ್‌ವರೆಗೆ ಮೂರು ತಿಂಗಳು: ಮೊದಲ ತಿಂಗಳು ಬರೆದಿಡುವುದು, ಎರಡನೆಯದು ಜೊತೆಯಲ್ಲಿ ಮಾಡುವುದು, ಮೂರನೆಯದರಲ್ಲಿ ಬದಲಿಯವರೇ ಮಾಡಿ ನಾವು ನೋಡುವುದು. ಈ ಮೂರನೆಯ ತಿಂಗಳನ್ನು ಬಿಟ್ಟರೆ ರಜೆಯ ಮೊದಲ ವಾರಗಳೆಲ್ಲ ಫೋನಿಗೇ ಹೋಗುತ್ತವೆ.

ಇನ್ನು ವಾಪಸಾತಿಯ ಪ್ಯಾರಾ. ‘ಮುಗಿಸಿಕೊಂಡು ಬನ್ನಿ, ನೋಡೋಣ’ ಎನ್ನುವುದು ಒಪ್ಪಂದವಲ್ಲ, ಸೌಜನ್ಯ. ನಾನು ಬರೆದದ್ದು ಇದು:

‘ರಜೆ ಜುಲೈ 1ರಿಂದ ಮುಂದಿನ ವರ್ಷದ ಜೂನ್ 30ರವರೆಗೆ. ಜುಲೈ 1ಕ್ಕೆ ನಾನು ಈಗಿನ ಹುದ್ದೆಗೆ, ಅದು ಇಲ್ಲದಿದ್ದರೆ ಅದೇ ದರ್ಜೆ ಮತ್ತು ಅದೇ ಮೂಲ ವೇತನದ ಬೇರೆ ಹುದ್ದೆಗೆ ಮರಳುತ್ತೇನೆ. ಮರಳುವುದನ್ನು ಮಾರ್ಚ್ 31ರೊಳಗೆ ಲಿಖಿತವಾಗಿ ಖಚಿತಪಡಿಸುತ್ತೇನೆ. ಪುಸ್ತಕ ಮುಗಿದಿದೆಯೋ ಇಲ್ಲವೋ ಎಂಬುದಕ್ಕೂ ಮರಳುವ ದಿನಾಂಕಕ್ಕೂ ಸಂಬಂಧವಿಲ್ಲ.’

ಇದರಲ್ಲಿ ‘ಅದು ಇಲ್ಲದಿದ್ದರೆ’ ಎಂಬುದೇ ಜೀವಾಳ. ವರ್ಷದಲ್ಲಿ ತಂಡಗಳು ಒಡೆಯುತ್ತವೆ, ಸೇರುತ್ತವೆ; ‘ಇದೇ ಹುದ್ದೆ’ ಎಂದು ಹಟ ಹಿಡಿದರೆ ಎಚ್‌ಆರ್ ಸಹಿ ಹಾಕುವುದು ಕಷ್ಟ, ದರ್ಜೆ ಮತ್ತು ವೇತನ ಎಂದರೆ ಒಪ್ಪುವ ಸಾಧ್ಯತೆ ಹೆಚ್ಚು. ಮಾರ್ಚ್ 31 ಮ್ಯಾನೇಜರ್‌ಗಾಗಿ ಇಟ್ಟದ್ದು: ಬದಲಿಯವರ ಕರಾರನ್ನು ಮುಗಿಸಬೇಕೋ ಮುಂದುವರಿಸಬೇಕೋ ಎಂದು ನಿರ್ಧರಿಸಲು ಅವರಿಗೆ ಮೂರು ತಿಂಗಳು ಸಿಗುತ್ತದೆ. ಕೊನೆಯ ಸಾಲು ‘ಪುಸ್ತಕ ಮುಗಿಯದಿದ್ದರೆ ಇನ್ನಾರು ತಿಂಗಳು ಕೇಳುತ್ತೀರಾ?’ ಎಂಬ ಅನುಮಾನಕ್ಕೆ. ಅದು ಯಾರೂ ಬಾಯಿಬಿಟ್ಟು ಕೇಳದ, ಆದರೆ ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ. ಲೆಕ್ಕವನ್ನೂ ಜೊತೆಗಿಟ್ಟೆ: 80,000 ಪದಗಳ ಪುಸ್ತಕ, ದಿನಕ್ಕೆ 500 ಪದ, ವಾರಕ್ಕೆ ಐದು ದಿನ, ಅಂದರೆ ಮೊದಲ ಕರಡಿಗೆ 32 ವಾರ. ಉಳಿದ 20 ವಾರ ತಿದ್ದುವುದಕ್ಕೆ ಮತ್ತು ತಡವಾಗುವುದಕ್ಕೆ.

ಒಪ್ಪಿಗೆ ಮ್ಯಾನೇಜರ್‌ನ ಇಮೇಲ್‌ನಲ್ಲಿ ಮಾತ್ರ ಇದ್ದರೆ ಸಾಲದು. ಹನ್ನೆರಡು ತಿಂಗಳಲ್ಲಿ ಅವರೇ ಬೇರೆಡೆ ಹೋಗಬಹುದು, ಹೊಸಬರಿಗೆ ಆ ಇಮೇಲ್ ಬರೀ ಹಳೆಯ ಮಾತು. ಎಚ್‌ಆರ್ ಸಹಿಯಿರುವ ಪತ್ರದ ಪ್ರತಿ ನಿಮ್ಮ ಸ್ವಂತ ಖಾತೆಯಲ್ಲಿರಲಿ. ರಜೆಯಲ್ಲಿ ಕಚೇರಿಯ ಲಾಗಿನ್ ಮುಚ್ಚಿದರೆ ಒಳಗಿನ ಕಡತ ಕೈಗೆ ಸಿಗದು.

ಹೆಚ್ಚಿನವರು ಮರೆಯುವುದು ಪುಸ್ತಕದ ಹಕ್ಕನ್ನು. ರಜೆಯಲ್ಲಿದ್ದರೂ ನೌಕರರೇ ಆದ್ದರಿಂದ, ಕರಾರಿನಲ್ಲಿರುವ ಬೌದ್ಧಿಕ ಆಸ್ತಿಯ ಷರತ್ತು, ಹೊರಗಿನ ಕೆಲಸದ ನಿರ್ಬಂಧ ಎರಡೂ ಸಾಮಾನ್ಯವಾಗಿ ಜಾರಿಯಲ್ಲಿರುತ್ತವೆ. ಪುಸ್ತಕ ನಿಮ್ಮ ವೃತ್ತಿಯ ವಿಷಯದ್ದೇ ಆದರೆ ಇದು ಇನ್ನೂ ಸೂಕ್ಷ್ಮ. ‘ಈ ಅವಧಿಯಲ್ಲಿ ಬರೆಯುವ ಪುಸ್ತಕದ ಹಕ್ಕು ಮತ್ತು ಗೌರವಧನ ನನ್ನದು, ಸಂಸ್ಥೆಯ ಗೋಪ್ಯ ಮಾಹಿತಿ ಬಳಸುವುದಿಲ್ಲ’ ಎಂಬ ಎರಡು ವಾಕ್ಯಗಳಿಗೆ ರಜೆಯ ಪತ್ರದಲ್ಲೇ ಸಹಿ ಬೀಳಬೇಕು. ಪ್ರಕಾಶಕರ ಕರಾರಿನಲ್ಲಿ, ಕೃತಿಯ ಹಕ್ಕು ಬೇರೆ ಯಾರಿಗೂ ಸೇರಿಲ್ಲ ಎಂದು ನೀವೇ ಬರೆದುಕೊಡಬೇಕಾದಾಗ ಆ ಸಹಿ ಬೇಕಾಗುತ್ತದೆ.